ಒಂದೊಂದು ಬಾಟಲಿಗೆ ಒಂದೊಂದು ದಿಕ್ಕಿನ ನೆರಳು

ಶಿರಸಿಯಿಂದ ಪ್ರಶ್ನೆ: ನಮ್ಮದು ಮನೆಯಲ್ಲೇ ಮಾಡುವ ಉದ್ಯೋಗ. ಮುರುಗಲು ಶರಬತ್ತು, ಜೇನುತುಪ್ಪ, ಅಪ್ಪೆಮಿಡಿ ಉಪ್ಪಿನಕಾಯಿ ಎಲ್ಲ ಸೇರಿ 34 ಐಟಂ. ಮೊಬೈಲ್ ಆ್ಯಪ್‌ನಲ್ಲಿ ಹಿನ್ನೆಲೆ ತೆಗೆದೆ. ಕೆಟಲಾಗಿನಲ್ಲಿ ಸಾಲಾಗಿ ಇಟ್ಟರೆ ಒಂದರ ನೆರಳು ಎಡಕ್ಕೆ, ಇನ್ನೊಂದರದ್ದು ಬಲಕ್ಕೆ, ಕೆಲವು ಗಾಳಿಯಲ್ಲಿ ತೇಲುತ್ತವೆ. ಎಲ್ಲದಕ್ಕೂ ಒಂದೇ ಥರ ನೆರಳು ಬರುವ ಹಾಗೆ ಮಾಡಿದವರು ಯಾರಾದರೂ ಇದ್ದೀರಾ?

ಭಟ್ಕಳ: ಬಟ್ಟೆಯ ಲೈಟ್ ಬಾಕ್ಸ್ ತಗೊಳ್ಳಿ. ನಾಲ್ಕೂ ಕಡೆಯಿಂದ ಬೆಳಕು ಬಿದ್ದರೆ ನೆರಳೇ ಇರೋದಿಲ್ಲ. ನಮ್ಮ ಬಳೆ ಅಂಗಡಿಯದ್ದೆಲ್ಲ ಹಾಗೇ ತೆಗೆದದ್ದು.

ಶಿರಸಿ: ನೆರಳು ಬೇಕು ಮಾರಾಯ್ರೆ, ಒಂದೇ ಥರದ್ದು ಬೇಕು ಅಂತ ಕೇಳಿದ್ದು.

ಕಾರವಾರ: ಹಿನ್ನೆಲೆ ತೆಗೆದ PNG ಇದ್ದರೆ, ಕಮಾಂಡ್ ಕೊಟ್ಟು ಚಿತ್ರ ತಿದ್ದುವ ImageMagick ಸಾಕು. ನಮ್ಮ ಒಣಸಿಗಡಿ ಪ್ಯಾಕೆಟ್‌ಗಳಿಗೆಲ್ಲ ಈ ಒಂದೇ ಸಾಲು ಓಡಿಸುತ್ತೇನೆ:

```
magick in.png \( +clone -background black -shadow 40x12+0+10 \) +swap -background white -layers merge +repage out.jpg
```

ಕುಮಟಾ: ಕಾರವಾರದವರ ಸಾಲು ಸರಿಯೇ, ಮಲಗಿಸಿ ಮೇಲಿನಿಂದ ತೆಗೆದ ಪ್ಯಾಕೆಟ್ಟಿಗೆ. ಅದು ವಸ್ತುವಿನ ಆಕಾರವನ್ನೇ ಕಪ್ಪಗೆ, ಮಸುಕಾಗಿ ಮಾಡಿ ಹಿಂದೆ ಇಡುತ್ತದೆ. ನಿಂತ ಬಾಟಲಿಗೆ ಹಾಕಿದರೆ ಗೋಡೆಗೆ ಅಂಟಿಸಿದ ಸ್ಟಿಕ್ಕರ್ ಕಂಡ ಹಾಗೆ ಕಾಣುತ್ತದೆ. ನಿಂತದ್ದರ ನೆರಳು ಬುಡದಲ್ಲಿ ಗಾಢವಾಗಿದ್ದು ದೂರ ಹೋದ ಹಾಗೆ ತೆಳುವಾಗಬೇಕು. ಮತ್ತೆ ಆ 12, 10 ಎಲ್ಲ ಪಿಕ್ಸೆಲ್ ಲೆಕ್ಕ. 1000 ಪಿಕ್ಸೆಲ್ ಚಿತ್ರಕ್ಕೂ 3000ದ್ದಕ್ಕೂ ಅದನ್ನೇ ಕೊಟ್ಟರೆ ಕೊನೆಗೆ ಒಂದೇ ಅಳತೆಗೆ ತಂದಾಗ ನೆರಳು ಬೇರೆ ಬೇರೆಯಾಗಿರುತ್ತದೆ. ಮೊದಲು ಅಳತೆ, ಆಮೇಲೆ ನೆರಳು.

ನಾನು ಸ್ಟುಡಿಯೋದಲ್ಲಿ ಗಾಜಿನ ಬಾಟಲಿಯ ಹಿನ್ನೆಲೆ ಕತ್ತರಿಸುವುದನ್ನೇ ಬಿಟ್ಟಿದ್ದೇನೆ. ಕತ್ತರಿಸಿದರೂ ಗಾಜಿನೊಳಗೆ ಹಳೆ ಹಿನ್ನೆಲೆ ಉಳಿದೇ ಇರುತ್ತದೆ. ಅದರ ಬದಲು ನಿಜವಾದ ನೆರಳನ್ನೇ ಇಟ್ಟುಕೊಂಡು ಕಾಗದವನ್ನು ಮಾತ್ರ ಬಿಳಿ ಮಾಡುತ್ತೇನೆ. ಒಂದೇ ಕಿಟಕಿ, ಎಡಗಡೆಯಿಂದ ಬೆಳಕು. ಬಿಳಿ ಡ್ರಾಯಿಂಗ್ ಶೀಟನ್ನು ಮಡಿಕೆ ಬೀಳದ ಹಾಗೆ ಬಾಗಿಸಿ ಗೋಡೆಗೆ ಅಂಟಿಸಿ. ಬಾಟಲಿ ಇಡುವ ಜಾಗಕ್ಕೆ ಪೆನ್ಸಿಲ್ ಗುರುತು, ಮೊಬೈಲ್ ಸ್ಟ್ಯಾಂಡಿನ ಕಾಲಿಗೆ ನೆಲದ ಮೇಲೆ ಟೇಪು. ಪ್ರೊ ಮೋಡಿನಲ್ಲಿ ISO, ಶಟರ್, ವೈಟ್ ಬ್ಯಾಲೆನ್ಸ್ ಮೂರನ್ನೂ ಕೈಯಾರೆ ಇಟ್ಟು ಮತ್ತೆ ಮುಟ್ಟಬೇಡಿ. ಆಮೇಲೆ ಬಾಟಲಿ ಇಲ್ಲದ ಖಾಲಿ ಕಾಗದದ್ದೂ ಒಂದು ಫೋಟೋ ತೆಗೆಯಿರಿ. ಗುಟ್ಟೆಲ್ಲ ಇರುವುದು ಅದರಲ್ಲೇ.

ಫೋಟೋ ತಿದ್ದುವ GIMP‌ನಲ್ಲಿ ಬಾಟಲಿಯ ಫೋಟೋ ಕೆಳಗೆ, ಖಾಲಿ ಕಾಗದದ್ದು ಮೇಲೆ ಇಟ್ಟು ಮೇಲಿನ ಲೇಯರಿನ ಮೋಡ್ `Divide` ಮಾಡಿ. ಕಪ್ಪು 0, ಬಿಳಿ 255 ಅಂತ ಲೆಕ್ಕ ಹಿಡಿದರೆ ನನ್ನ ಒಂದು ಜೇನಿನ ಬಾಟಲಿಯ ಫೋಟೋದಲ್ಲಿ ಕಾಗದದ ಹೊಳಪು ಕಿಟಕಿ ಕಡೆ 236, ಇನ್ನೊಂದು ಕಡೆ 198 ಇತ್ತು. `Levels`‌ನಲ್ಲಿ 198ನ್ನು ಬಿಳಿ ಮಾಡಲು ಹೋದರೆ ಅದಕ್ಕಿಂತ ತಿಳಿಯಾಗಿದ್ದ ನೆರಳಿನ ಅಂಚೂ ಅದರ ಜೊತೆ ಅಳಿಸಿ ಹೋಗುತ್ತದೆ. `Divide` ಮಾಡಿದಾಗ ಎರಡೂ ಕಡೆ 255ರ ಹತ್ತಿರ ಬಂತು. 198ರ ಕಾಗದದ ಮೇಲೆ 110 ಇದ್ದ ನೆರಳು ಸುಮಾರು 142 ಆಗಿ ಉಳಿಯಿತು.

ಸರಿಯಾಯಿತೋ ಇಲ್ಲವೋ ನೋಡಲು ನಾಲ್ಕೂ ಮೂಲೆಗೆ ಕಲರ್ ಪಿಕರ್ ಇಡಿ. 250ಕ್ಕಿಂತ ಕೆಳಗಿದ್ದರೆ ಕೆಟಲಾಗಿನ ಬಿಳಿಯ ಮೇಲೆ ಬೂದು ಚೌಕ ಕಾಣುತ್ತದೆ. ಫೋಟೋ ತೆಗೆಯುವಾಗ ಮಾತ್ರ ಕಾಗದ 240 ದಾಟಬಾರದು. 255 ಆಗಿಬಿಟ್ಟರೆ ಅಲ್ಲಿಯ ತೆಳು ನೆರಳು ಮೊದಲೇ ಸುಟ್ಟುಹೋಗಿರುತ್ತದೆ.

ಶಿರಸಿ: ನಿನ್ನೆ ಎಂಟು ಬಾಟಲಿ ತೆಗೆದೆ. ಮೊದಲ ಐದು ಚೆಂದ ಬಂತು. ಆರನೆಯದಕ್ಕೆ `Divide` ಮಾಡಿದರೆ ಇಡೀ ಚಿತ್ರ ಮಂಕು.

ಕುಮಟಾ: ಮೋಡ ಬಂದಿರಬೇಕು. ನಿಮ್ಮ ಕಡೆ ಮಳೆಗಾಲದಲ್ಲಿ ಬೆಳಕು ಹತ್ತು ನಿಮಿಷ ಒಂದೇ ಸಮ ನಿಲ್ಲುವುದಿಲ್ಲ. ಮೂರು ಬಾಟಲಿಗೊಮ್ಮೆ ಖಾಲಿ ಕಾಗದ ತೆಗೆದು, ಯಾವುದರ ಜೊತೆ ಯಾವುದು ಅಂತ ಬರೆದಿಡಿ. ಆದರೆ ಬಿಸಿಲು ನೇರ ಬಿದ್ದಾಗ ನೆರಳು ಹರಿತ, ಮೋಡ ಇದ್ದಾಗ ಮೆತ್ತಗೆ. ಆ ವ್ಯತ್ಯಾಸ `Divide`‌ನಿಂದ ಹೋಗುವುದಿಲ್ಲ. ಕಿಟಕಿಗೆ ಒಂದು ಬಿಳಿ ಪಂಚೆ ಕಟ್ಟಿ.

ಶಿರಸಿ: ಕಟ್ಟಿದೆ, ಈಗ ಅಡ್ಡಿಲ್ಲ. ಆದರೆ ಮುರುಗಲು ಶರಬತ್ತಿನ ನೆರಳಿನ ನಡುವೆ ಕೆಂಪು ಬೆಳಕು ಬೀಳುತ್ತದೆ, ಜೇನಿನದ್ದು ಹಳದಿ. ಉಪ್ಪಿನಕಾಯಿಯದ್ದು ಬರೀ ಕಪ್ಪು.

ಕುಮಟಾ: ಗಾಜಿನ ಮೂಲಕ ಬೆಳಕು ಹಾದು ಬಂದದ್ದು ಅದು. ನಾನಾದರೆ ಇರಲಿ ಅಂತೇನೆ, ಆ ಕೆಂಪು ನೋಡಿಯೇ ಬಾಯಲ್ಲಿ ನೀರು ಬರುತ್ತದೆ.

ಹೊನ್ನಾವರ: ನಾನು ಒಪ್ಪೋದಿಲ್ಲ. ಸಾಲಿನಲ್ಲಿ ಇಟ್ಟಾಗ ಕೆಂಪು ನೆರಳು ಮುದ್ರಣದ ತಪ್ಪಿನ ಹಾಗೆ ಕಾಣುತ್ತದೆ. ನಾವು ನೆರಳಿನ ಭಾಗ ಮಾತ್ರ ಆರಿಸಿ ಬಣ್ಣ ತೆಗೆದೆವು. ಬಾಟಲಿಯ ಬುಡದ ಅಂಚಿನಲ್ಲಿ ಮಾತ್ರ ಕೈಯಿಂದ ತಿದ್ದಬೇಕಾಯಿತು, ಅದಕ್ಕೇ ಸಮಯ ಹೋಗಿದ್ದು.

ಶಿರಸಿ: ಎರಡೂ ಮಾಡಿ ಅಮ್ಮನಿಗೆ ತೋರಿಸಿದೆ. ಅವಳಿಗೆ ಕೆಂಪೇ ಇಷ್ಟ, ತಮ್ಮನಿಗೆ ಬೂದು. ಇನ್ನೂ 26 ಐಟಂ ಬಾಕಿ.