ಒಳಗೆ ಒಣಗಿಸಿದ ಬಟ್ಟೆಗೆ ಮುಗ್ಗಲು ವಾಸನೆ, ಫ್ಯಾನ್ ಹಾಕಿದರೂ ಹೋಗುತ್ತಿಲ್ಲ

ಬಾಲ್ಕನಿ ಇಲ್ಲದವ: ಬನಶಂಕರಿ, ಎರಡನೇ ಮಹಡಿ. ಮಳೆ ಹಿಡಿದಾಗಿಂದ ರೂಮಿನಲ್ಲೇ ಸ್ಟ್ಯಾಂಡ್ ಹಾಕಿ ಬಟ್ಟೆ ಹರಡುತ್ತಿದ್ದೇನೆ. ರಾತ್ರಿಯಿಡೀ ಫ್ಯಾನ್ ಓಡುತ್ತದೆ. ಬೆಳಗ್ಗೆ ಮುಟ್ಟಿದರೆ ಜೀನ್ಸ್‌ನ ಸೊಂಟದ ಪಟ್ಟಿ ತಣ್ಣಗೆ, ಟೀ ಶರ್ಟ್ ಕಂಕುಳಲ್ಲಿ ವಾಸನೆ. ಮೆಷಿನ್ ಹೊಸದು. ಸಾಕಾಗಿಹೋಗಿದೆ.

ಜಯನಗರದ ಮೇಡಂ: ಬೋರ್ ನೀರಾ? ಗಡಸು ನೀರಿಗೆ ಸೋಪು ಸರಿಯಾಗಿ ಹೋಗಲ್ಲ. ಕೊನೆಗೆ ಜಾಲಿಸುವಾಗ ಸ್ವಲ್ಪ ವಿನೆಗರ್ ಹಾಕಿ.

ಯುಟಿಲಿಟಿ ರಾಯ: ನೀರಿನ ಮಾತು ಆಮೇಲೆ. ಯಾವ ಪ್ರೋಗ್ರಾಂ? ಸ್ಪಿನ್ ಎಷ್ಟು? ಕಿಟಕಿ?

ಬಾಲ್ಕನಿ ಇಲ್ಲದವ: ಫ್ರಂಟ್ ಲೋಡ್, ಕ್ವಿಕ್ ವಾಶ್. ಮೆಷಿನ್ ಮೇಲೇ 1200 ಅಂತ ಬರೆದಿದೆ. ಕಿಟಕಿ ಮುಚ್ಚಿರುತ್ತದೆ, ಸೊಳ್ಳೆ ಸರ್.

ಯುಟಿಲಿಟಿ ರಾಯ: 1200 ಅದರ ಗರಿಷ್ಠ. ಕ್ವಿಕ್‌ನಲ್ಲಿ ಎಷ್ಟೋ ಮೆಷಿನ್‌ಗಳು 800ಕ್ಕೇ ನಿಲ್ಲುತ್ತವೆ. ಬಟ್ಟೆ ಒಣಗಿದ್ದಾಗ ಒಮ್ಮೆ, ಒಗೆದು ತೆಗೆದಾಗ ಒಮ್ಮೆ ತೂಕ ಹಾಕಿ. ಆಮೇಲೆ ಅದನ್ನೇ ವಾಪಸ್ ಹಾಕಿ, ಸ್ಪಿನ್ ಮಾತ್ರ 1200ಕ್ಕೆ ಇಟ್ಟು ಓಡಿಸಿ.

ಹೀಟ್ ಪಂಪ್ ಹುಡುಗ: ನಾನು ಡ್ರೈಯರ್ ತಗೊಂಡೆ, ಹಗ್ಗದ ಗೋಜೇ ಇಲ್ಲ. ಟವೆಲ್ ಹತ್ತಿಯ ಹಾಗೆ ಬರುತ್ತದೆ. ಫೋಟೋ ಹಾಕಲಾ?

ಜಯನಗರದ ಮೇಡಂ: ಅವರು ಡ್ರೈಯರ್ ಕೇಳಿಲ್ಲ ಅಲ್ವಾ. ವಿನೆಗರ್ ಟ್ರೈ ಮಾಡಿದ್ರಾ?

ಬಾಲ್ಕನಿ ಇಲ್ಲದವ: ಲಗೇಜ್ ತೂಗುವ ತಕ್ಕಡಿಯಲ್ಲಿ ನೋಡಿದೆ. ಒಣ ಬಟ್ಟೆ 3 ಕೆಜಿ. ಒಗೆದ ಮೇಲೆ 5.1. ಮತ್ತೆ ಸ್ಪಿನ್ ಮಾಡಿದ ಮೇಲೆ 4.6.

ಯುಟಿಲಿಟಿ ರಾಯ: ಅರ್ಧ ಲೀಟರ್ ನೀರು ಪುಕ್ಕಟೆ ಹೋಯಿತು. ಇನ್ನು 1.6 ಲೀಟರ್ ಗಾಳಿಗೇ ಹೋಗಬೇಕು. 10x12 ಅಡಿ ರೂಮು, 10 ಅಡಿ ಎತ್ತರ ಅಂತಿಟ್ಟುಕೊಳ್ಳಿ. 25 ಡಿಗ್ರಿ, ತೇವಾಂಶ ಆಗಲೇ ಶೇ. 80 ಇದ್ದರೆ, ಆ ಗಾಳಿ ಇನ್ನು ಹೆಚ್ಚೆಂದರೆ 150 ಮಿ.ಲೀ. ಹಿಡಿಯುತ್ತದೆ. ಮುಚ್ಚಿದ ರೂಮಿನಲ್ಲಿ ಫ್ಯಾನ್ ಅದೇ ಒದ್ದೆ ಗಾಳಿಯನ್ನು ತಿರುಗಿಸುತ್ತದೆ, ಅಷ್ಟೆ. ಕಿಟಕಿಗೆ ಸೊಳ್ಳೆ ಪರದೆ ಹಾಕಿ ತೆರೆದಿಡಿ. ಟೇಬಲ್ ಫ್ಯಾನನ್ನು ಬಟ್ಟೆ ಸಾಲಿನ ಪಕ್ಕದಿಂದ ಬೀಸಲಿ, ಗಾಳಿ ಕಿಟಕಿಯತ್ತ ಹೋಗಲಿ. ಬಟ್ಟೆಗಳ ನಡುವೆ ಕೈ ಆಡುವಷ್ಟು ಜಾಗ ಬಿಡಿ. ಜೀನ್ಸ್ ಒಳಗಡೆ ಹೊರಗೆ ಮಾಡಿ ಹಾಕಿ.

ಹೀಟ್ ಪಂಪ್ ಹುಡುಗ: ಹೊರಗೆ ಮಳೆ ಸುರಿಯುವಾಗ ಕಿಟಕಿ ತೆಗೆದರೆ ತೇವ ಒಳಗೇ ಬರುತ್ತೆ ಗುರು.

ಯುಟಿಲಿಟಿ ರಾಯ: ಬೆಳಗಿನ ಜಾವ ಜಿಟಿಜಿಟಿ ಹಿಡಿದಾಗ ಲಾಭ ಕಡಿಮೆ, ಒಪ್ಪುತ್ತೇನೆ. ಮಳೆ ಬಿಟ್ಟ ಮಧ್ಯಾಹ್ನ ಹಾಗಲ್ಲ. ಅದಕ್ಕೇ ರಾತ್ರಿ ಒಗೆಯೋದು ಬಿಟ್ಟು ಬೆಳಗ್ಗೆ ಒಗೆಯಿರಿ.

ಬಾಲ್ಕನಿ ಇಲ್ಲದವ: ಶರ್ಟ್‌ಗಳು ಈಗ ಸಂಜೆಗೇ ಗರಿಗರಿ. ಟವೆಲ್ ಮಾತ್ರ ಒಣಗಿದಾಗ ಸರಿ, ಮೈ ಒರೆಸಿದ ಕೂಡಲೇ ಮತ್ತೆ ನಾರುತ್ತದೆ.

ಯುಟಿಲಿಟಿ ರಾಯ: ಅದು ನೂಲಿನಲ್ಲೇ ಕೂತ ಬ್ಯಾಕ್ಟೀರಿಯಾ, ಸ್ಪಿನ್‌ಗೆ ಬಗ್ಗಲ್ಲ. ಹತ್ತಿ ಟವೆಲ್ ಬೇರೆಯಾಗಿ 60 ಡಿಗ್ರಿಯಲ್ಲಿ ಒಗೆದು ನೋಡಿ. ಒಂದೇ ಟವೆಲ್ ಹಾಕಬೇಡಿ, ಡ್ರಮ್ ತೂಕ ಸರಿಹೋಗದೆ ಮೆಷಿನ್ ಸ್ಪಿನ್ ಇಳಿಸುತ್ತದೆ.

ಜಯನಗರದ ಮೇಡಂ: ಟವೆಲ್‌ಗೆ ವಿನೆಗರೇ ಮದ್ದು, ನನ್ನ ಅನುಭವ.

ಯುಟಿಲಿಟಿ ರಾಯ: ದಿನಾ ಹಾಕಿದರೆ ಬಾಗಿಲಿನ ರಬ್ಬರ್‌ಗೆ ಒಳ್ಳೇದಲ್ಲ ಮೇಡಂ.

ಜಯನಗರದ ಮೇಡಂ: ನನ್ನ ರಬ್ಬರ್ ಚೆನ್ನಾಗೇ ಇದೆ.