ಮೆಸ್ ಲೆಕ್ಕ ಬರೀ ರಾಗಿ ತಿನ್ನಿ ಅಂತಿದೆ: ಅನುಭವ ಇದ್ದವರು ಹೇಳಿ

ಹಾಸನದ_ಮೆಸ್_ಸೆಕ್ರೆಟರಿ: ನಮ್ಮದು ಹುಡುಗರ ಹಾಸ್ಟೆಲ್, ತಿಂಗಳ ಖರ್ಚನ್ನ ಎಲ್ಲರೂ ಹಂಚಿಕೊಳ್ಳೋ ಡಿವೈಡಿಂಗ್ ಸಿಸ್ಟಮ್. ಬಿಲ್ ಇಳಿಸೋಣ ಅಂತ ಐದು ಐಟಂ ಇಟ್ಟು, ಹಾಕಿದ ಮಿತಿಯೊಳಗೆ ಅತಿ ಕಡಿಮೆ ಖರ್ಚು ಹುಡುಕೋ ಲೀನಿಯರ್ ಪ್ರೋಗ್ರಾಮ್, ಅಂದರೆ ಎಲ್‌ಪಿ, ಬರೆದು ಕಂಪ್ಯೂಟರ್‌ನ ಸಾಲ್ವರ್‌ಗೆ ಕೊಟ್ಟೆ. ನಮ್ಮ ದರ ಕೆಜಿಗೆ ಅಕ್ಕಿ 45, ರಾಗಿ 40, ತೊಗರಿಬೇಳೆ 130, ಎಣ್ಣೆ 140. ಹಾಲು ಲೀಟರ್‌ಗೆ 44. ದಿನಕ್ಕೆ ಕನಿಷ್ಠ 2100 ಕ್ಯಾಲರಿ, 55 ಗ್ರಾಂ ಪ್ರೋಟೀನ್, 1000 ಮಿಗ್ರಾಂ ಕ್ಯಾಲ್ಸಿಯಂ. ಉತ್ತರ ಬಂದಿದ್ದು 764 ಗ್ರಾಂ ರಾಗಿ, ಉಳಿದದ್ದೆಲ್ಲ ಸೊನ್ನೆ, ₹30.56. ವಾರ್ಡನ್ ನೋಡಿ ನಕ್ಕರು. ಮೆಸ್‌ಗೆ ಇದನ್ನ ನಿಜವಾಗಿ ಮಾಡಿದವರು ಹೇಗೆ ಬರೆದಿರಿ?

---

ಹಳೇ_ಸೆಕ್ರೆಟರಿ: ತಮ್ಮಾ, ಸಾಲ್ವರ್ ಸರಿಯಾಗೇ ಹೇಳಿದೆ. ನಮ್ಮ ಕಾಲದಲ್ಲಿ ನನಗೆ ಸೋಯಾ ಚಂಕ್ಸ್ ಬಂದಿತ್ತು. ರೂಪಾಯಿಗೆ ಅಷ್ಟು ಪ್ರೋಟೀನ್ ಬೇರೆ ಯಾವುದರಲ್ಲೂ ಇರಲಿಲ್ಲ. ಕಮಿಟಿಯವರು ಉತ್ಸಾಹದಲ್ಲಿ ಮೂಟೆಗಟ್ಟಲೆ ತರಿಸಿದರು. ವಾರದಲ್ಲಿ ಮೂರು ಸಲ ಚಂಕ್ಸ್ ಪಲ್ಯ. ಹುಡುಗರು ತಟ್ಟೆಯ ಅಂಚಿಗೆ ತಳ್ಳಿ ಎದ್ದು ಹೋಗುತ್ತಿದ್ದರು. ಉಳಿದ ಮೂಟೆಗೆ ಹುಳ ಬಿತ್ತು, ಅದರ ದುಡ್ಡು ಮುಂದಿನ ತಿಂಗಳ ಬಿಲ್‌ಗೆ ಬಿತ್ತು. ಆಮೇಲೆ ತಲೆಗೆ ಇಷ್ಟು ಗ್ರಾಂ ಮೀರಬಾರದು ಅಂತ ಚಂಕ್ಸ್‌ಗೆ ಮಿತಿ ಹಾಕಿದ ಮೇಲೇ ಮೆನು ಅನ್ನೋದು ಮೆನು ಥರ ಕಾಣಿಸಿದ್ದು.

ಎಷ್ಟು ನಿರ್ಬಂಧ ಬಿಗಿಯಾಗಿ ನಿಲ್ಲುತ್ತೋ ಅಷ್ಟೇ ಪದಾರ್ಥ ಉತ್ತರದಲ್ಲಿ ಬರುತ್ತದೆ. ನಿನ್ನ 764 ಗ್ರಾಂ ರಾಗಿಯಲ್ಲಿ ಪ್ರೋಟೀನ್ ಸರಿಯಾಗಿ 55ಕ್ಕೆ ನಿಂತಿದೆ. ಕ್ಯಾಲರಿ 2445, ಕ್ಯಾಲ್ಸಿಯಂ 2780, ಎರಡೂ ಉಕ್ಕಿ ಹರಿದಿವೆ. ಬಿಗಿಯಾಗಿರೋದು ಒಂದೇ, ಹಾಗಾಗಿ ಪದಾರ್ಥವೂ ಒಂದೇ. ಪೋಷಕಾಂಶದ ಕನಿಷ್ಠ ಜಾಸ್ತಿ ಮಾಡ್ತಾ ಹೋದರೂ ತಟ್ಟೆ ತುಂಬಲ್ಲ. ಒಬ್ಬ ಒಂದು ದಿನಕ್ಕೆ ಒಂದು ಪದಾರ್ಥ ಎಷ್ಟು ತಿಂದಾನು ಅನ್ನೋ ಮೇಲಿನ ಮಿತಿ ಬೇಕು. ಎಲ್‌ಪಿ ಬಿಡಿಸೋ ದಾರಿ ಕಂಡುಹಿಡಿದ ಗಣಿತಜ್ಞ ಡಾಂಟ್ಜಿಗ್ 1950ರ ದಶಕದ ಶುರುವಿನಲ್ಲಿ ತಮ್ಮದೇ ಡಯಟ್ ಲೆಕ್ಕ ಹಾಕಿದಾಗ ಕಂಪ್ಯೂಟರ್ ದಿನಕ್ಕೆ 200 ಸೂಪ್ ಕ್ಯೂಬ್ ತಿನ್ನಿ ಅಂದಿತ್ತು. ಅವರೂ ಮೇಲಿನ ಮಿತಿ ಹಾಕಿಯೇ ಪಾರಾಗಿದ್ದು.

ಅಕ್ಕಿಗೆ 300 ಗ್ರಾಂ, ರಾಗಿಗೆ 150 ಗ್ರಾಂ ಮಿತಿ ಹಾಕಿ ನಿನ್ನ ದರದಲ್ಲೇ ಓಡಿಸಿದೆ. ಎಲ್ಲ 100 ಗ್ರಾಂ ಲೆಕ್ಕ, ಹಸಿ ತೂಕ. ಕ್ರಮ ಅಕ್ಕಿ, ರಾಗಿ, ಬೇಳೆ, ಎಣ್ಣೆ, ಹಾಲು.

```python
from scipy.optimize import linprog
c = [4.5, 4.0, 13, 14, 4.4]
A = [[-356, -320, -331, -900, -73],
     [-7.9, -7.2, -21.7, 0, -3.3],
     [-7, -364, -72, 0, -118]]
b = [-2100, -55, -1000]
ub = [3, 1.5, None, None, None]
r = linprog(c, A_ub=A, b_ub=b, bounds=[(0, u) for u in ub])
print(r.x, r.fun)
print(r.ineqlin.marginals, r.upper.marginals)
```

ಅಕ್ಕಿ 300, ರಾಗಿ 150, ಬೇಳೆ 43, ಎಣ್ಣೆ 18, ಹಾಲು 340 ಎಂಎಲ್. ಒಟ್ಟು ₹42.56. ಐದೂ ಬಂತು. ತರಕಾರಿ, ಮಸಾಲೆ, ಗ್ಯಾಸ್ ಇದರಲ್ಲಿಲ್ಲ. ಕೊನೆಯ ಸಾಲನ್ನ ಬಿಡಬೇಡ, ಅಸಲಿ ವಿಷಯ ಇರೋದೇ ಅಲ್ಲಿ. ರಾಗಿ ಮಿತಿಗೆ −10.16 ಅಂತ ಬರುತ್ತದೆ. ರಾಗಿ ಮಿತಿಯನ್ನ 10 ಗ್ರಾಂ ಸಡಿಲ ಮಾಡಿದರೆ ತಲೆಗೆ ಒಂದು ರೂಪಾಯಿ ಉಳಿಯುತ್ತದೆ ಅಂತ ಅರ್ಥ. ವಾರ್ಡನ್‌ಗೆ ಅದನ್ನ ತೋರಿಸು, ನಗಲ್ಲ.

---

ಕಾಂಟ್ರಾಕ್ಟ್_ಬಿಟ್ಟವ: 43 ಗ್ರಾಂ ಬೇಳೆಯಲ್ಲಿ ಎರಡು ಹೊತ್ತು ಸಾರು ಮಾಡಿ ತೋರಿಸಿ ಸ್ವಾಮಿ. ನಾನು ಮೆಸ್ ನಡೆಸಿದವನು. ತೊಗರಿಬೇಳೆ ದರ ಏರಿದ ವರ್ಷ ಕಮಿಟಿಯವರು ಹಳೇ ದರಕ್ಕೇ ಬಿಲ್ ಕೊಡಿ ಅಂದರು. ವ್ಯತ್ಯಾಸ ನನ್ನ ಜೇಬಿಂದ ಹೋಯಿತು. ಸಿಲಿಂಡರ್ ಬೇರೆ. ಅಡುಗೆಯವನಿಗೆ ಅಡ್ವಾನ್ಸ್ ಕೊಟ್ಟಿದ್ದೆ, ಅವನು ಹಬ್ಬಕ್ಕೆ ಊರಿಗೆ ಹೋದವನು ವಾಪಸ್ ಬರಲಿಲ್ಲ. ತಟ್ಟೆಯಲ್ಲಿ ಬಿಟ್ಟು ಎಸೆಯೋ ಅನ್ನವನ್ನ ಈ ಲೆಕ್ಕದಲ್ಲಿ ಯಾರು ಹಾಕ್ತಾರೆ? ಭಾನುವಾರ ರಾತ್ರಿ ಅರ್ಧ ಹುಡುಗರು ಹೊರಗೆ ತಿನ್ನುತ್ತಾರೆ, ಮಾಡಿದ ಅನ್ನ ಹಾಗೇ ಉಳಿಯುತ್ತದೆ.

ಮೇಲಿನ ಮಿತಿ ಗಿಮಿತಿ ಬೇಡ. ಪ್ರತಿ ಐಟಂಗೂ ಕನಿಷ್ಠ ಕಟ್ಟಿ. ಬೇಳೆ 60, ಹಾಲು 200, ಅಕ್ಕಿ 300. ಮುಗೀತು.

---

ಹಳೇ_ಸೆಕ್ರೆಟರಿ: ಎಲ್ಲದಕ್ಕೂ ಕನಿಷ್ಠ ನೀವೇ ಕಟ್ಟಿದ ಮೇಲೆ ಸಾಲ್ವರ್ ಯಾಕೆ? ಮೆನುವನ್ನ ಕೈಯಲ್ಲಿ ಬರೆದು ಕೂಡಿಸಿದ ಹಾಗೇ ಆಯಿತು. ಉಳಿದ ಹಸಿವನ್ನ ಅದು ಮತ್ತೆ ರಾಗಿಯಿಂದಲೇ ತುಂಬುತ್ತದೆ. ಆದರೆ ಬೇಳೆ ಒಂದರ ಮಾತು ಒಪ್ಪುತ್ತೇನೆ. 60 ಗ್ರಾಂ ಕಟ್ಟಿ ನೋಡಿದೆ, ₹43.58. ಒಂದು ರೂಪಾಯಿಗೆ ಸಾರು ಗಟ್ಟಿ ಆಗುತ್ತದೆ ಅಂದರೆ ಕೊಡಬಹುದು.

---

ಕಾಂಟ್ರಾಕ್ಟ್_ಬಿಟ್ಟವ: ಅದನ್ನೇ ಅಲ್ವಾ ನಾನು ಹೇಳಿದ್ದು. ಕಂಪ್ಯೂಟರ್ ಹೇಳಿದರೆ ಮಾತ್ರ ಒಪ್ಪುತ್ತೀರಿ.

---

ಲೇಡೀಸ್_ಹಾಸ್ಟೆಲ್_ಪ್ರತಿನಿಧಿ: ಹುಡುಗರ ಹಾಸ್ಟೆಲ್ ಅಂತ ಕಬ್ಬಿಣಾಂಶ ಬಿಟ್ಟೇ ಬಿಟ್ಟಿದ್ದೀರಿ. ನಮ್ಮಲ್ಲಿ ಅದೇ ಜಗಳ. ಐಸಿಎಂಆರ್-ಎನ್‌ಐಎನ್ 2020ರ ಪೋಷಕಾಂಶದ ಪಟ್ಟಿಯಲ್ಲಿ ಹೆಂಗಸರಿಗೆ ದಿನಕ್ಕೆ 29 ಮಿಗ್ರಾಂ. ಅಕ್ಕಿ 300, ರಾಗಿ 150 ಗ್ರಾಂ ಬಡಿಸಲೇಬೇಕು ಅಂತ ಕಟ್ಟಿ ಓಡಿಸಿದೆವು. ಅಕ್ಕಿ ರಾಗಿ ಸೇರಿದರೂ 9 ಮಿಗ್ರಾಂ ದಾಟಲ್ಲ. ಎಣ್ಣೆಯಲ್ಲಿ ಇಲ್ಲ, ಹಾಲಲ್ಲಿ ಇಲ್ಲ ಅಂದರೂ ಸರಿ. ಉಳಿದದ್ದೆಲ್ಲ ಬೇಳೆ ಮೇಲೆ ಬಿತ್ತು. ತಲೆಗೆ 517 ಗ್ರಾಂ ತೊಗರಿಬೇಳೆ! ಬೇಳೆಗೇ ₹67. ಹಾಲು ಕಾಫಿಗೆ ಸಾಲುವಷ್ಟು ಮಾತ್ರ ಉಳಿಯಿತು. ಬೇಳೆಗೂ 80 ಗ್ರಾಂ ಮಿತಿ ಹಾಕಿದೆವು, ಆಗ ಸಾಲ್ವರ್ ಉತ್ತರವೇ ಇಲ್ಲ ಅಂತು.

ಹುರಳಿಕಾಳು ಸೇರಿಸಿದೆವು. 100 ಗ್ರಾಂಗೆ 8.8 ಮಿಗ್ರಾಂ ಕಬ್ಬಿಣ, ತೊಗರಿಯ ಎರಡರಷ್ಟಕ್ಕಿಂತ ಜಾಸ್ತಿ. ಕಾಗದದಲ್ಲಿ ಚೆನ್ನಾಗಿತ್ತು. ಹುರಳಿ ಸಾರು, ಹುರಳಿ ಪಲ್ಯ, ಮತ್ತೆ ಹುರಳಿ ಸಾರು. ಬೇಸಿಗೆಯಲ್ಲಿ ಉಷ್ಣ ಅಂತ ಎಲ್ಲರೂ ತಿರುಗಿಬಿದ್ದರು. ಸೊಪ್ಪು ಸೇರಿಸೋಕೆ ಹೋದರೆ ಮಾರ್ಕೆಟ್ ಕಟ್ಟಿನಲ್ಲಿ ದಂಟು, ಬೇರು, ಮಣ್ಣು ಎಲ್ಲದಕ್ಕೂ ದುಡ್ಡು. ಪಟ್ಟಿಯಲ್ಲಿರೋ ಅಂಕಿ ಬಿಡಿಸಿದ ಸೊಪ್ಪಿನದು. ದರವನ್ನ ಅದಕ್ಕೆ ತಕ್ಕ ಹಾಗೆ ಏರಿಸಿದ ಮೇಲೆ ಸೊಪ್ಪೂ ಹಿಂದೆ ಸರಿಯಿತು. ಆ ತಿಂಗಳ ಬಿಲ್ ನೋಟಿಸ್ ಬೋರ್ಡ್‌ನಲ್ಲಿ ಹಾಕಿದಾಗ ನನ್ನ ಹೆಸರಿನ ಪಕ್ಕ ಏನೇನು ಬರೆದಿದ್ದರು ಅಂತ ಇಲ್ಲಿ ಹೇಳಲ್ಲ.

---

ಡಯಟಿಷಿಯನ್_ತುಮಕೂರು: ಮೇಡಂ, 29 ಇಟ್ಟಿದ್ದೇ ಸಮಸ್ಯೆ. ಅದು ಆರ್‌ಡಿಎ, ಹೆಚ್ಚುಕಡಿಮೆ ಎಲ್ಲರಿಗೂ ಸಾಲುವ ಪ್ರಮಾಣ. ಗುಂಪಿಗೆ ಅಡುಗೆ ಮಾಡುವಾಗ ಇಎಆರ್, ಅಂದರೆ ಸರಾಸರಿ ಅಗತ್ಯ, ಇಟ್ಟುಕೊಳ್ಳಿ. ಹೆಂಗಸರ ಕಬ್ಬಿಣಕ್ಕೆ 15, ಎಲ್ಲರ ಕ್ಯಾಲ್ಸಿಯಂಗೆ 800. ನಾನು ಕೆಲಸ ಮಾಡುವಲ್ಲಿ ಹಾಗೇ ಮಾಡೋದು, ಯಾರೂ ಕೇಳಿಲ್ಲ.

---

ಲೇಡೀಸ್_ಹಾಸ್ಟೆಲ್_ಪ್ರತಿನಿಧಿ: 15 ಇಟ್ಟರೂ 158 ಗ್ರಾಂ ಬೇಳೆ ಬೇಕು, ಮಾಡಿ ನೋಡಿದ್ದೇವೆ. ಸರಾಸರಿ ಅಗತ್ಯವನ್ನೇ ಗುರಿ ಇಟ್ಟರೆ ಅರ್ಧ ಜನಕ್ಕೆ ಸಾಲಲ್ಲ ಅಲ್ವಾ? ಆ ಅರ್ಧ ಜನ ಯಾರು ಅಂತ ನೀವೇ ಹೇಳಿಬಿಡಿ. ನಮ್ಮಲ್ಲಿ ರಕ್ತ ಕಡಿಮೆ ಅಂತ ಮಾತ್ರೆ ತಗೊಳ್ಳೋ ಹುಡುಗಿಯರು ಪ್ರತಿ ರೂಮಲ್ಲೂ ಇದ್ದಾರೆ.

---

ಡಯಟಿಷಿಯನ್_ತುಮಕೂರು: ಎಲ್ಲರಿಗೂ ಆರ್‌ಡಿಎ ಬಡಿಸ್ತೀನಿ ಅಂದರೆ ದುಡ್ಡು ಯಾರು ಕೊಡ್ತಾರೆ? ಕಬ್ಬಿಣದ ಜೊತೆ ನಿಂಬೆಹಣ್ಣು ಇಟ್ಟಿರಾ? ಊಟ ಆದ ತಕ್ಷಣ ಕಾಫಿ ನಿಲ್ಲಿಸಿದಿರಾ? ಎಷ್ಟು ಹೀರಿಕೊಳ್ಳುತ್ತದೆ ಅನ್ನೋದು ಈ ಸಾಲುಗಳಲ್ಲಿ ಬರಲ್ಲ. ಅದನ್ನ ಬಿಟ್ಟು ಬೇಳೆ ತೂಗುತ್ತಾ ಕೂತರೆ ಹೀಗೇ.

---

ಹಳೇ_ಸೆಕ್ರೆಟರಿ: ಇಬ್ಬರೂ ನಿಲ್ಲಿಸಿ. ಹುಡುಗನ ಲೆಕ್ಕಕ್ಕೆ ಬಂದರೆ, ಕ್ಯಾಲ್ಸಿಯಂ 800 ಮಾಡಿದರೆ ₹38.69. ಅಂದರೆ ಪ್ರತಿ 100 ಮಿಗ್ರಾಂ ಕ್ಯಾಲ್ಸಿಯಂಗೆ ಸುಮಾರು ₹1.93. ಹಳೇ 2010ರ ಪಟ್ಟಿಯ 600 ಇಟ್ಟರೆ ಹಾಲು ಪೂರ್ತಿ ಮಾಯ, ಬೇಳೆ 94 ಗ್ರಾಂಗೆ ಏರುತ್ತದೆ, ₹35.50. ಆಗ 635 ಮಿಗ್ರಾಂ ತಾನಾಗಿಯೇ ಸಿಗುವುದರಿಂದ ಇನ್ನು ಕೆಳಗೆ ಇಳಿಸಿದರೂ ಒಂದು ಪೈಸೆ ಉಳಿಯಲ್ಲ. ಯಾವ ಅಂಕಿ ಸರಿ ಅಂತ ಎಲ್‌ಪಿ ಹೇಳಲ್ಲ. ಅದರ ಬೆಲೆ ಮಾತ್ರ ಹೇಳುತ್ತದೆ.

---

ವಿಜಯಪುರದಾಂವ: ಎಲ್ಲಾರೂ ರಾಗಿ ರಾಗಿ ಅಂತೀರಲ್ರೀ. ನಮ್ಮ ಹಾಸ್ಟೆಲ್‌ನಾಗ ಮುದ್ದಿ ಮಾಡಿದ್ರ ಯಾರೂ ಮುಟ್ಟೂದಿಲ್ಲ. ರೊಟ್ಟಿ ಬೇಕು. ರಾಗಿ ತಗದು 150 ಗ್ರಾಂ ಜ್ವಾಳ ಹಾಕಿ ಇದೇ ಕೋಡ್ ಓಡಿಸಿದ್ವಿ. ಜ್ವಾಳದಾಗ ಕ್ಯಾಲ್ಸಿಯಂ 28 ಅಷ್ಟ ಐತಿ, ರಾಗಿಯೊಳಗ 364. ತಲಿಗೆ ಹಾಲು 795 ಎಂಎಲ್ ಬಂತು. ಬ್ಯಾಳಿ ಸೊನ್ನೆ, ಎಣ್ಣಿ ಸೊನ್ನೆ. ಎಣ್ಣಿ ಇಲ್ದ ಪಲ್ಯ, ಬ್ಯಾಳಿ ಇಲ್ದ ಸಾರು, ಮುಂದ ಒಂದು ಚೊಂಬು ಹಾಲು. ಹಾಲಿಗೇ ₹35. ಡೇರಿ ಬಾಕಿ ಸೆಮಿಸ್ಟರ್ ಮುಗಿಯೂ ತನಕ ತೀರಲಿಲ್ಲ. ಕಡೀಕ ಶೇಂಗಾ ಹಿಂಡಿ ಹಾಕಿ, ಕ್ಯಾಲ್ಸಿಯಂ ಸಾಲು ತಗದು ಒಗದು, ಬಿಲ್ ಇಳಿಸಿದ್ವಿ. ಯಾರಿಗೂ ಏನೂ ಆಗಿಲ್ಲ.

---

ಡಯಟಿಷಿಯನ್_ತುಮಕೂರು: ಏನೂ ಆಗಿಲ್ಲ ಅನ್ನೋದು ಈಗ ಗೊತ್ತಾಗಲ್ಲ ಸರ್, ಮೂಳೆಯ ವಿಷಯ ಅದು. ಬಿಲ್ ಇಳಿಸೋಕೆ ಸಾಲು ಅಳಿಸೋದಾದರೆ ಪ್ರೋಟೀನ್ ಸಾಲನ್ನೂ ಅಳಿಸಿ, ಇನ್ನೂ ಇಳಿಯುತ್ತದೆ.

---

ವಿಜಯಪುರದಾಂವ: ನೀವು 1000 ಇದ್ದದ್ದನ್ನ 800 ಮಾಡಿದ್ರ ಶಾಸ್ತ್ರ, ನಾವು ಸಾಲು ತಗದ್ರ ತಪ್ಪು. ಆಗ್ಲಿ ಬಿಡ್ರಿ.

---

ಕಾಂಟ್ರಾಕ್ಟ್_ಬಿಟ್ಟವ: ₹44ಕ್ಕೆ ಹಾಲು ಎಲ್ಲಿ ಸಿಗುತ್ತದೆ ಅದನ್ನ ಮೊದಲು ಹೇಳಿ.

---

ಹಾಸನದ_ಮೆಸ್_ಸೆಕ್ರೆಟರಿ: ಹಾಲು ಊರಿನ ಡೇರಿಯಿಂದ ಕ್ಯಾನ್‌ನಲ್ಲಿ ಬರುತ್ತದೆ, ಪ್ಯಾಕೆಟ್ ಅಲ್ಲ ಸರ್. ಹಳೇ ಸೆಕ್ರೆಟರಿ ಅಣ್ಣ ಕೊಟ್ಟ ಕೋಡ್‌ನಲ್ಲಿ ರಾಗಿ ಮಿತಿ 200 ಮಾಡಿ ನೋಡಿದೆ. ₹37.48 ಬಂತು, ಹಾಲು 182 ಎಂಎಲ್‌ಗೆ ಇಳಿಯಿತು, ಬೇಳೆ 50 ಗ್ರಾಂ ಆಯಿತು. ರಾತ್ರಿ ಮುದ್ದೆ, ಬೆಳಿಗ್ಗೆ ರಾಗಿ ದೋಸೆ ಅಂತ ವಾರ್ಡನ್ ಮುಂದೆ ಇಡ್ತೀನಿ. ಉಳಿಯೋ ಐದು ರೂಪಾಯಿಯಲ್ಲಿ ಒಂದು ರೂಪಾಯಿ ಬೇಳೆಗೆ. ತಟ್ಟೆಯಲ್ಲಿ ಬಿಡೋ ಅನ್ನವನ್ನ ಹೇಗೆ ಸೇರಿಸೋದು ಅಂತ ಮಾತ್ರ ಯಾರೂ ಹೇಳಲಿಲ್ಲ.

---

ಹಳೇ_ಸೆಕ್ರೆಟರಿ: ಬಿಟ್ಟ ಅನ್ನವನ್ನ ಒಂದು ವಾರ ತೂಗಿಸು. ಹತ್ತರಲ್ಲಿ ಒಂದು ಪಾಲು ಹೋಗ್ತಿದ್ದರೆ ಅಕ್ಕಿಯ ಪೋಷಕಾಂಶದ ಅಂಕಿಗಳನ್ನೆಲ್ಲ 0.9ರಿಂದ ಗುಣಿಸು, ದರ ಹಾಗೇ ಇರಲಿ. ಆಮೇಲೆ ಅಕ್ಕಿಯ ಮಿತಿಯನ್ನೂ ಕೊಂಡ ತೂಕಕ್ಕೆ ಬದಲಾಯಿಸು, 300 ಇದ್ದದ್ದು 333 ಆಗುತ್ತದೆ. ಅದನ್ನ ಬಿಟ್ಟರೆ ಲೆಕ್ಕ ಕೆಡುತ್ತದೆ.

---

ಕಾಂಟ್ರಾಕ್ಟ್_ಬಿಟ್ಟವ: ತೂಗೋಕೆ ಯಾರು ನಿಲ್ಲುತ್ತಾರೆ? ರಾತ್ರಿ ಹತ್ತು ಗಂಟೆಗೆ ಪಾತ್ರೆ ತೊಳೆಯುವವನಿಗೆ ತಕ್ಕಡಿ ಕೊಡ್ತೀರಾ? ಅಷ್ಟು ಜನಕ್ಕೆ ದಿನಾ ಮುದ್ದೆ ತೊಳಸಿದ ಕೈ ನೋಡಿದ್ದೀರಾ ಯಾರಾದರೂ? ಅದಕ್ಕೂ ಒಂದು ಸಾಲು ಬರೀರಿ.