ಅವಲೋಕನ ಕೋಷ್ಟಕದಲ್ಲಿ ‘ದೋಷ’ ಅಂದರೆ ಯಾವುದು?

ಪ್ರೌಢಶಾಲಾ ಶಿಕ್ಷಕಿ, ಮಡಿಕೇರಿ:
ನಮಸ್ಕಾರ. ‘ಥರ್ಮಾಮೀಟರು ಸರಿ ತೋರಿಸುತ್ತದೆಯೇ ಎಂದು ಪರೀಕ್ಷಿಸುವುದು’ ಎಂಬ ಪ್ರಯೋಗಕ್ಕೆ ಹಾಳೆ ಬರೆಯುತ್ತಿದ್ದೇನೆ. ಉದ್ದೇಶ, ಸಲಕರಣೆ, ವಿಧಾನ ಎಲ್ಲ ಆಯಿತು. ಕೋಷ್ಟಕದ ಕೊನೆಯ ಕಲಮಿಗೆ ‘ದೋಷ’ ಎಂದು ಹೆಸರಿಟ್ಟಿದ್ದೆ. ನಮ್ಮಲ್ಲಿ ಕುದಿಯುವ ನೀರಿನಲ್ಲಿ ಅದು 95 ಡಿಗ್ರಿ ತೋರಿಸಿತು. ಮಕ್ಕಳೆಲ್ಲ ನೂರರಿಂದ ಕಳೆದು ದೋಷ 5 ಎಂದು ಬರೆದರು. ಒಬ್ಬಳು ಮಾತ್ರ ‘ದೋಷ ಯಾರದು ಮಿಸ್, ನೀರಿನದಾ, ಥರ್ಮಾಮೀಟರಿನದಾ?’ ಅಂದಳು. ಅಲ್ಲಿ ಯಾವ ಪದ ಹಾಕಲಿ?

ನಿವೃತ್ತ ಗುಮಾಸ್ತರು, ವಿರಾಜಪೇಟೆ:
ನಮ್ಮ ಚಳಿಗೆ ನೀರು ನೂರು ಮುಟ್ಟುವುದೇ ಇಲ್ಲ, ದೋಷ ಯಾರದೂ ಅಲ್ಲ. ‘ವ್ಯತ್ಯಾಸ’ ಎಂದು ಬರೆಯಿರಿ, ಮುಗಿಯಿತು.

ಗೃಹಿಣಿ, ಸೋಮವಾರಪೇಟೆ:
ನೀರು ಕಾಯುತ್ತದೆ, ಸಾರು ಕುದಿಯುತ್ತದೆ, ಅನ್ನ ಬೇಯುತ್ತದೆ. ನೀರಿಗೆ ‘ಕುದಿಯುವುದು’ ಅಂತ ಯಾಕೆ? ನಮ್ಮಲ್ಲಿ ತೆರೆದ ಪಾತ್ರೆಯಲ್ಲಿ ಬೇಳೆ ಬೇಯಲು ಬಹಳ ಹೊತ್ತು ಬೇಕು, ಮಂಗಳೂರಿನ ತಂಗಿ ಮನೆಯಲ್ಲಿ ಬೇಗ ಆಗುತ್ತದೆ.

ನಿವೃತ್ತ ಭೌತಶಾಸ್ತ್ರ ಉಪನ್ಯಾಸಕರು, ಮೈಸೂರು:
ಅಮ್ಮನವರ ಬೇಳೆಯೇ ಸರಿಯಾದ ಸಾಕ್ಷಿ. ಚಳಿಗೆ ಇದರಲ್ಲಿ ಕೈವಾಡವಿಲ್ಲ, ಬೇಸಿಗೆಯ ಮಧ್ಯಾಹ್ನ ಕಾಯಿಸಿದರೂ ಫಲಿತಾಂಶ ಹೆಚ್ಚುಕಡಿಮೆ ಅದೇ. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಇಳಿಯುತ್ತದೆ; ಸುಮಾರು 300 ಮೀಟರಿಗೆ ಒಂದು ಡಿಗ್ರಿಯಂತೆ ಕುದಿಬಿಂದು ತಗ್ಗುತ್ತದೆ. ಮಡಿಕೇರಿ ಸುಮಾರು 1150 ಮೀಟರ್ ಎತ್ತರದಲ್ಲಿದೆ, ಅಂದರೆ ಅಲ್ಲಿ ನೀರು ಕುದಿಯಬೇಕಾದದ್ದೇ 96ರ ಆಸುಪಾಸಿನಲ್ಲಿ.

ಹಾಗಾಗಿ ಮಕ್ಕಳು ಬರೆದ 5ರಲ್ಲಿ ಎರಡು ಸಂಗತಿ ಬೆರೆತಿವೆ. ನೂರಕ್ಕೂ 96ಕ್ಕೂ ಇರುವ 4 ಊರಿನ ಎತ್ತರದ್ದು, ಅದಕ್ಕೆ ‘ವ್ಯತ್ಯಾಸ’ ಸರಿ. 96ಕ್ಕೂ 95ಕ್ಕೂ ಇರುವ 1 ಮಾತ್ರ ಥರ್ಮಾಮೀಟರಿನ ದೋಷ. ತೋರಿಸಿದ್ದರಿಂದ ನಿಜವಾದದ್ದನ್ನು ಕಳೆದರೆ ದೋಷ −1. ಆ ಉಪಕರಣದಲ್ಲಿ ಅಷ್ಟು ಬಿಸಿಯಲ್ಲಿ ಏನೇ ಓದಿದರೂ 1 ಕೂಡಿಸಬೇಕು, ಅದು ‘ತಿದ್ದುಪಡಿ’. ದೋಷವೂ ತಿದ್ದುಪಡಿಯೂ ಒಂದೇ ಅಂಕಿ, ಚಿಹ್ನೆ ಮಾತ್ರ ಉಲ್ಟಾ. ಪರೀಕ್ಷೆಯಲ್ಲಿ ಅಂಕ ಹೋಗುವುದು ಇಲ್ಲೇ.

ಇನ್ನೊಂದು, ಥರ್ಮಾಮೀಟರಿನ ಬುರುಡೆ ನೀರಿನೊಳಗೆ ಬೇಡ, ಮೇಲಿನ ಆವಿಯಲ್ಲಿರಲಿ. ನೀರಿನಲ್ಲಿ ಉಪ್ಪಿನಂಶ ಕರಗಿದ್ದರೆ ನೀರು ಸ್ವಲ್ಪ ಹೆಚ್ಚು ಬಿಸಿಯಲ್ಲಿ ಕುದಿಯುತ್ತದೆ, ಆವಿಯಲ್ಲಿ ಆ ಗೊಂದಲ ಇರುವುದಿಲ್ಲ. ತಳಕ್ಕೆ ತಾಗಿದರೆ ಇನ್ನೂ ತಪ್ಪು ಓದುತ್ತೀರಿ. ಇದನ್ನು ಮುನ್ನೆಚ್ಚರಿಕೆಯಲ್ಲಿ ಬರೆಯಿರಿ. ಕರಗುತ್ತಿರುವ ಮಂಜುಗಡ್ಡೆಯಲ್ಲೂ ಒಮ್ಮೆ ನೋಡಿ. ಅಲ್ಲಿ 0 ತೋರಿಸಿದರೆ ದೋಷ ಎಲ್ಲ ಕಡೆ ಒಂದೇ ಅಲ್ಲ ಎಂದಾಯಿತು.

ನಿವೃತ್ತ ಗುಮಾಸ್ತರು:
ಚಳಿಯ ಮಾತು ಬಿಟ್ಟೆ. ಆದರೆ ‘ತಿದ್ದುಪಡಿ’ ವಿಧಾನಸೌಧದ ಪದ ಸ್ವಾಮಿ, ಮಸೂದೆ ನೆನಪಾಗುತ್ತದೆ.

ಶಿಕ್ಷಕಿ:
‘ತೋರಿಸಿದ್ದು’, ‘ಇಲ್ಲಿ ಇರಬೇಕಾದದ್ದು’, ‘ದೋಷ’ ಎಂದು ಮೂರು ಕಲಂ ಮಾಡುತ್ತೇನೆ ಸರ್. ನೂರನ್ನು ಕೋಷ್ಟಕದಿಂದ ತೆಗೆದೆ. ‘ತಿದ್ದುಪಡಿ’ ಲೆಕ್ಕಾಚಾರದ ಭಾಗಕ್ಕೆ ಹೋಗುತ್ತದೆ. ಬೇರೆ ಪದ ಹೊಳೆದವರು ಹೇಳಿ.